ಹೈರಿಂಗ್ ಫ್ರೀಜ್ ಸುದ್ದಿ ಹೇಳುವುದು ಹೇಗೆ: ಮೊದಲು ಮ್ಯಾನೇಜರ್‌ಗಳಿಗೆ, ಅದೇ ದಿನ ಎಲ್ಲರಿಗೂ

ಪ್ರಶ್ನೆ: ನಾನು ಪುಣೆಯಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಂಪನಿಯೊಂದರ ಎಚ್‌ಆರ್ ಹೆಡ್. ಊರು ವಿಜಯಪುರ. ಬಾಣೇರ್‌ನಲ್ಲಿ ಆಫೀಸು, ಚಾಕಣ್‌ನಲ್ಲಿ ಫ್ಯಾಕ್ಟರಿ. ಕಾಯಂ 340 ಜನ, ಕಾಂಟ್ರಾಕ್ಟ್ ಮೇಲೆ 120. ಎಕ್ಸ್‌ಪೋರ್ಟ್ ಆರ್ಡರ್ ಕಡಿಮೆಯಾಗಿದೆ, ಹಾಗಾಗಿ ಮಾರ್ಚ್ 31ರವರೆಗೆ ಹೊಸಬರು ಬೇಡ ಅಂತ ಎಂಡಿ ಹೇಳಿದ್ದಾರೆ. 23 ಜಾಗ ಖಾಲಿ ಇವೆ, ಅದರಲ್ಲಿ 9 ಬಿಟ್ಟುಹೋದವರ ಜಾಗ. ಇಬ್ಬರಿಗೆ ಆಫರ್ ಲೆಟರ್ ಕೊಟ್ಟಾಗಿದೆ. ಶುಕ್ರವಾರ ಸಂಜೆ ಎಲ್ಲರಿಗೂ ಒಂದು ಮೇಲ್ ಹಾಕಿಬಿಡಿ ಅಂತಾರೆ. ಎದುರಿಗೆ ದೀಪಾವಳಿ ಬೇರೆ. ಜನ ಹೆದರದ ಹಾಗೆ ಮ್ಯಾನೇಜರ್‌ಗಳಿಗೂ ಸ್ಟಾಫಿಗೂ ಇದನ್ನು ಹೇಗೆ ಹೇಳಲಿ ಸರ್?

ಉತ್ತರ: ಶುಕ್ರವಾರ ಸಂಜೆ ಮೇಲ್ ಬೇಡ. ಇದೊಂದನ್ನು ಇವತ್ತೇ ಎಂಡಿ ಅವರ ಹತ್ತಿರ ಮಾತಾಡಿ ನಿಲ್ಲಿಸಿ. ಆ ಹೊತ್ತಿನಲ್ಲಿ ಮೇಲ್ ಓದಿದವರಿಗೆ "ಇದೇನು ಸರ್?" ಅಂತ ಕೇಳಲು ಯಾರೂ ಸಿಗುವುದಿಲ್ಲ. ಮ್ಯಾನೇಜರ್ ಮನೆ ಸೇರಿರುತ್ತಾರೆ. ನೀವೂ ಅಷ್ಟೇ. ಶನಿವಾರ, ಭಾನುವಾರ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಮಾತು. "ಹೊಸಬರನ್ನು ತಗೊಳ್ಳಲ್ವಂತೆ" ಅನ್ನುವುದು ಸೋಮವಾರದ ಹೊತ್ತಿಗೆ "ಇದ್ದವರನ್ನೂ ತೆಗೀತಾರಂತೆ" ಆಗಿರುತ್ತದೆ.

ಮಂಗಳವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಚಾಕಣ್, ಭೋಸರಿ ಕಡೆ ಎಷ್ಟೋ ಫ್ಯಾಕ್ಟರಿಗಳಿಗೆ ವಾರದ ರಜೆ ಗುರುವಾರ. ನಿಮ್ಮದೂ ಹಾಗಿದ್ದರೆ ಬುಧವಾರ ಹೇಳಿದರೂ ಶುಕ್ರವಾರ ಹೇಳಿದಷ್ಟೇ ತೊಂದರೆ, ಮರುದಿನ ಫ್ಲೋರ್ ಖಾಲಿ. ಮಂಗಳವಾರ ಹೇಳಿದರೆ ಆಫೀಸಿಗೂ ಫ್ಯಾಕ್ಟರಿಗೂ ಕನಿಷ್ಠ ಒಂದು ಪೂರ್ತಿ ಕೆಲಸದ ದಿನ ಸಿಗುತ್ತದೆ. ಆ ದಿನದಲ್ಲೇ ಜನ ಬಂದು ಪ್ರಶ್ನೆ ಕೇಳುತ್ತಾರೆ.

ಆದರೆ ಮೇಲ್ ಬರೆಯಲು ಕೂರುವ ಮುಂಚೆ ಒಂದು ಕೆಲಸ ಇದೆ. ಎಂಡಿ ಅವರ ಜೊತೆ ಒಬ್ಬರೇ ಕೂತು, ಬಾಗಿಲು ಹಾಕಿಕೊಂಡು, ನೇರವಾಗಿ ಕೇಳಿ: "ಇದರ ಹಿಂದೆ ಇನ್ನೇನಾದರೂ ಇದೆಯಾ? ಇರುವವರಲ್ಲಿ ಯಾರನ್ನಾದರೂ ಕಡಿಮೆ ಮಾಡುವ ಲೆಕ್ಕ ನಡೆದಿದೆಯಾ? ಫೈನಾನ್ಸ್‌ನವರು ಪಟ್ಟಿ ಮಾಡುತ್ತಿದ್ದಾರಾ?" ಕೇಳೋದು ಕಷ್ಟ, ನನಗೆ ಗೊತ್ತು. ಆದರೂ ಕೇಳಲೇಬೇಕು. ಯಾಕೆಂದರೆ ಮಂಗಳವಾರ ನೀವು ಹೇಳುವ ಒಂದೊಂದು ಮಾತೂ ಈ ಉತ್ತರದ ಮೇಲೆ ನಿಂತಿದೆ. ಇಲ್ಲ ಅಂದರೆ "ಇರುವವರ ಕೆಲಸದ ಬಗ್ಗೆ ಯಾವ ನಿರ್ಧಾರವೂ ಆಗಿಲ್ಲ" ಅಂತ ನೀವು ಧೈರ್ಯವಾಗಿ ಹೇಳಬಹುದು. ಪಟ್ಟಿ ತಯಾರಾಗುತ್ತಿದೆ ಅಂದರೆ ಆ ಮಾತನ್ನು ನಿಮ್ಮ ಬಾಯಿಂದ ಬರಲು ಬಿಡಬೇಡಿ. ಕೆಲಸದಿಂದ ತೆಗೆಯುವುದಕ್ಕೆ ಬೇರೆಯದೇ ದಾರಿ ಇದೆ. ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕರಿಗೆ ಕಾನೂನಿನ ಪ್ರಕಾರ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು, ಫ್ಯಾಕ್ಟರಿ ದೊಡ್ಡದಾದರೆ ಮುಂಚೆಯೇ ಅದರ ಅನುಮತಿಯೂ ಬೇಕಾಗಬಹುದು. ಅದನ್ನು ಫ್ರೀಜ್ ಹೆಸರಿನಲ್ಲಿ ಮುಚ್ಚಿಟ್ಟು, ಎರಡು ತಿಂಗಳಾದ ಮೇಲೆ ತೆರೆದರೆ, ಆಮೇಲೆ ನಿಮ್ಮ ಒಂದು ಮೇಲ್ ಕೂಡ ಯಾರೂ ನಂಬುವುದಿಲ್ಲ.

ಇಲ್ಲ ಎಂಬ ಉತ್ತರ ಬಂತು ಅಂತಲೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಅದೇ ಭೇಟಿಯಲ್ಲಿ ಫ್ರೀಜ್‌ನ ಗಡಿಯನ್ನೂ ಗೊತ್ತುಮಾಡಿಕೊಳ್ಳಿ. ನಾನು ನೋಡಿದ ಹೆಚ್ಚಿನ ಗಲಾಟೆ ಫ್ರೀಜ್‌ನಿಂದ ಆದದ್ದಲ್ಲ. ಅದು ಎಲ್ಲಿಯವರೆಗೆ, ಯಾರಿಗೆ, ಯಾವುದಕ್ಕೆ ಅಂತ ಯಾರೂ ಹೇಳದೇ ಇದ್ದದ್ದರಿಂದ ಆದದ್ದು. ಖಾಲಿ ಬಿಟ್ಟ ಜಾಗವನ್ನು ಜನ ತಾವೇ ತುಂಬಿಕೊಳ್ಳುತ್ತಾರೆ, ಅದೂ ಯಾವಾಗಲೂ ಕೆಟ್ಟದ್ದರಿಂದ. ನಿಮ್ಮ ಮಟ್ಟಿಗೆ ಗಡಿ ಅಂದರೆ ಇವು: ಬಿಟ್ಟುಹೋದವರ 9 ಜಾಗ ತುಂಬುತ್ತೀರಾ? ಆಫರ್ ಕೊಟ್ಟ ಇಬ್ಬರ ಗತಿ ಏನು? ಅಪ್ರೆಂಟಿಸ್ ಮತ್ತು ಕಾಂಟ್ರಾಕ್ಟ್‌ನವರು ಇದರೊಳಗೆ ಬರುತ್ತಾರಾ? ಇನ್‌ಕ್ರಿಮೆಂಟ್, ಪ್ರಮೋಷನ್, ದೀಪಾವಳಿ ಬೋನಸ್ ಎಂದಿನಂತೆ ಇವೆಯಾ? ತೀರಾ ಅಗತ್ಯ ಬಿದ್ದರೆ ಯಾರು ಅನುಮತಿ ಕೊಡುತ್ತಾರೆ?

ಬಿಟ್ಟುಹೋದವರ ಜಾಗದ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. 14 ಹೊಸ ಜಾಗಗಳನ್ನು ನಿಲ್ಲಿಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 9ರಲ್ಲಿ ಯಾವುದು ಇಲ್ಲದೆ ಲೈನ್ ನಡೆಯುವುದಿಲ್ಲವೋ ಅದನ್ನು ಬೇರೆ ಮಾಡಿ. ಸಿಎನ್‌ಸಿ ಆಪರೇಟರ್ ಜಾಗ ಖಾಲಿ ಬಿಟ್ಟರೆ ಉಳಿದವರು ಓಟಿ ಮಾಡಬೇಕು. ಓಟಿಗೆ ಎರಡು ಪಟ್ಟು ಕೂಲಿ. ಕ್ವಾಲಿಟಿ ಇನ್‌ಸ್ಪೆಕ್ಟರ್ ಇಲ್ಲದಿದ್ದರೆ ರಿಜೆಕ್ಷನ್ ಜಾಸ್ತಿಯಾಗುತ್ತದೆ. ಇದನ್ನು ಫೈನಾನ್ಸ್ ಭಾಷೆಯಲ್ಲೇ ಎಂಡಿ ಅವರಿಗೆ ತೋರಿಸಿ. ಒಪ್ಪಿದರೆ "ಹೊಸ ಜಾಗಗಳು ನಿಂತಿವೆ, ಅಗತ್ಯದ ರಿಪ್ಲೇಸ್‌ಮೆಂಟ್ ಎಂಡಿ ಅನುಮತಿಯ ಮೇಲೆ ನಡೆಯುತ್ತದೆ" ಅಂತ ಹೇಳಬಹುದು. ಇದನ್ನು ಕೇಳಿದವರಿಗೆ ಕಂಪನಿ ಯೋಚನೆ ಮಾಡಿ ನಿಲ್ಲಿಸಿದೆ ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಒಂದೇ ಸಲ ಬಂದ್ ಮಾಡಿದ ಕಂಪನಿ ಗಾಬರಿಯಾಗಿದೆ ಅನ್ನಿಸುತ್ತದೆ. ಕಂಪನಿಯೇ ಗಾಬರಿಯಾದರೆ ಜನ ಆಗದೆ ಇರುತ್ತಾರಾ?

ಆಫರ್ ಲೆಟರ್ ಹಿಡಿದ ಇಬ್ಬರನ್ನು ಬಿಡಬೇಡಿ. ಅವರು ಈಗಿರುವ ಕಡೆ ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿ ಇರಬಹುದು. ನೀವು ಈಗ ಕೈಬಿಟ್ಟರೆ ಅವರಿಗೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇದು ಅವರಿಬ್ಬರ ಸಂಕಟಕ್ಕೆ ಮುಗಿಯುವುದಿಲ್ಲ. ಪುಣೆಯ ಆಟೋ ವಲಯ ದೊಡ್ಡದಾಗಿ ಕಂಡರೂ ಚಾಕಣ್, ತಳೇಗಾಂವ್, ರಾಂಜಣಗಾಂವ್ ನಡುವೆ ಎಲ್ಲರಿಗೂ ಎಲ್ಲರ ಪರಿಚಯ. ಆ ಇಬ್ಬರ ಗೆಳೆಯರು ನಿಮ್ಮಲ್ಲೇ ಕೆಲಸ ಮಾಡುತ್ತಿರಬಹುದು. "ಸಹಿ ಮಾಡಿದ ಲೆಟರ್ ಕೊಟ್ಟೂ ಕೈಬಿಟ್ಟರು" ಅಂತ ಗೊತ್ತಾದ ದಿನ ನಿಮ್ಮ 340 ಜನರೂ ತಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ಗೆ ಬೆಲೆ ಎಷ್ಟು ಅಂತ ಯೋಚಿಸುತ್ತಾರೆ. ಮಂಗಳವಾರ ಬೆಳಿಗ್ಗೆ ಆ ಇಬ್ಬರಿಗೆ ನೀವೇ ಫೋನ್ ಮಾಡಿ: "ಹೀಗೊಂದು ಸುದ್ದಿ ಕೇಳುತ್ತೀರಿ, ನಿಮ್ಮ ಆಫರ್ ಹಾಗೇ ಇದೆ, ಸೇರುವ ತಾರೀಕೂ ಅದೇ." ಫೋನ್ ಇಟ್ಟ ಮೇಲೆ ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸಿ. ಇಂಟರ್‌ವ್ಯೂ ನಡೆಯುತ್ತಿದ್ದವರಿಗೆ ಅದೇ ವಾರ ನಿಂತಿದೆ ಅಂತ ಹೇಳಿಬಿಡಿ. "ಹೋಲ್ಡ್‌ನಲ್ಲಿದೆ" ಅಂತ ಮಾರ್ಚ್‌ವರೆಗೆ ಕಾಯಿಸುವುದು ಅನ್ಯಾಯ.

ಇನ್ನೊಂದು ಗುಂಪನ್ನು ಎಲ್ಲರೂ ಮರೆಯುತ್ತಾರೆ. ಅದು ನಿಮ್ಮ ಕೆಳಗೇ ಇರುವ ರಿಕ್ರೂಟ್‌ಮೆಂಟ್ ತಂಡ. ಕಂಪನಿಯಲ್ಲಿ ಈ ಸುದ್ದಿಗೆ ಎಲ್ಲರಿಗಿಂತ ಮೊದಲು ಹೆದರುವವರು ಅವರೇ. ಜನರನ್ನು ತರುವುದೇ ಅವರ ಕೆಲಸ, ಆ ಕೆಲಸವೇ ಆರು ತಿಂಗಳು ಇಲ್ಲ. ಅವರ ಮುಖ ನೋಡಿದರೆ ಸಾಕು, ಉಳಿದವರಿಗೆ ಅನುಮಾನ ಬರುತ್ತದೆ. ಜೊತೆಗೆ ಜಾಬ್ ಪೋರ್ಟಲ್‌ನಲ್ಲಿ ಯಾವ ಜಾಹೀರಾತು ಇಳಿಯಿತು, ಯಾವ ಕನ್ಸಲ್ಟಂಟ್‌ಗೆ ಬೇಡ ಅಂದರು ಅನ್ನುವುದು ಮೊದಲು ಗೊತ್ತಾಗುವುದೂ ಅವರಿಗೇ. ಹಾಗಾಗಿ ಮ್ಯಾನೇಜರ್‌ಗಳಿಗೂ ಮುಂಚೆ, ಸೋಮವಾರ ಸಂಜೆ, ಅವರನ್ನು ಕೂರಿಸಿಕೊಂಡು ಹೇಳಿ. ಬರೀ "ಚಿಂತೆ ಮಾಡಬೇಡಿ" ಅಂದರೆ ಸಾಲದು. ಮಾರ್ಚ್‌ವರೆಗೆ ಅವರು ಏನು ಮಾಡುತ್ತಾರೆ ಅಂತ ಹೆಸರು ಹಿಡಿದು ಹೇಳಿ. ಒಬ್ಬರು ಒಳಗಿನ ವರ್ಗಾವಣೆ ನೋಡಿಕೊಳ್ಳಲಿ, ಒಬ್ಬರು ಫ್ಲೋರ್‌ನ ಸ್ಕಿಲ್ ಮ್ಯಾಟ್ರಿಕ್ಸ್ ಸರಿಮಾಡಲಿ, ಒಬ್ಬರು ಟ್ರೇನಿಂಗ್ ಹಿಡಿಯಲಿ. ಇವು ಖಾಲಿ ಕೆಲಸಗಳಲ್ಲ. ಫ್ರೀಜ್ ಇರುವಾಗ ಒಳಗಿನವರನ್ನು ಅತ್ತಿತ್ತ ಮಾಡಿಯೇ ಕಂಪನಿ ನಡೆಯಬೇಕು.

ಇನ್ನು ಮ್ಯಾನೇಜರ್‌ಗಳು. ಸ್ಟಾಫ್ ನಿಮ್ಮ ಮೇಲ್ ಓದುತ್ತಾರೆ, ಆದರೆ ನಂಬುವುದು ತಮ್ಮ ಮ್ಯಾನೇಜರ್ ಮುಖವನ್ನು. ಅದಕ್ಕೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲ ಮ್ಯಾನೇಜರ್‌ಗಳನ್ನೂ, ಚಾಕಣ್‌ನ ಶಿಫ್ಟ್ ಸೂಪರ್‌ವೈಸರ್‌ಗಳನ್ನೂ ಸೇರಿಸಿ. ಬಾಣೇರ್‌ನವರು ಕೋಣೆಯಲ್ಲಿ, ಚಾಕಣ್‌ನವರು ವಿಡಿಯೋದಲ್ಲಿ ಅಂತ ಬೇಡ. ಎಂಡಿ ಬಾಣೇರ್‌ನಲ್ಲಿ ಕೂತರೆ ನೀವು ಚಾಕಣ್‌ಗೆ ಹೋಗಿ, ಅಥವಾ ಪ್ಲಾಂಟ್ ಹೆಡ್‌ಗೆ ಮುಂಚೆಯೇ ಹೇಳಿ ಅವರಿಂದ ನಡೆಸಿ. ಸ್ಟಾಫಿಗೆ ಮೇಲ್ ಹೋಗುವುದು ಹನ್ನೊಂದೂವರೆಗೆ. ನಡುವೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ. ಹಿಂದಿನ ದಿನವೇ ಮ್ಯಾನೇಜರ್‌ಗಳಿಗೆ ಹೇಳಿದರೆ ರಾತ್ರಿಯೊಳಗೆ ಸುದ್ದಿ ಹೊರಗಿರುತ್ತದೆ. ಅವರು ಕೆಟ್ಟವರಂತಲ್ಲ, ಮನೆಯಲ್ಲಿ ಹೇಳುತ್ತಾರೆ, ನಂಬಿಕೆಯ ಒಬ್ಬರಿಗೆ ಹೇಳುತ್ತಾರೆ, ಅಷ್ಟೇ.

ಆ ಮೀಟಿಂಗ್‌ನಲ್ಲಿ ಮೊದಲ ಹದಿನೈದು ನಿಮಿಷ ಮ್ಯಾನೇಜರ್‌ಗಳದೇ. ಅವರಿಗೂ ಸಿಟ್ಟಿರುತ್ತದೆ. ನಾಲ್ಕು ತಿಂಗಳಿಂದ ಒಬ್ಬ ಡಿಸೈನ್ ಎಂಜಿನಿಯರ್‌ಗೆ ಕಾದವರಿಗೆ ಈಗ ಇಲ್ಲ ಅಂದರೆ ಹೇಗಾಗಬೇಡ? ಆ ಸಿಟ್ಟು ನಿಮ್ಮ ಎದುರಿಗೆ ಹೊರಗೆ ಬರಲಿ. ಇಲ್ಲದಿದ್ದರೆ ಹನ್ನೆರಡು ಗಂಟೆಗೆ ತಂಡದ ಎದುರಿಗೆ ಬರುತ್ತದೆ. "ನನ್ನನ್ನು ಯಾರು ಕೇಳಿದ್ರು, ಮೇಲಿನವರು ಮಾಡಿದ್ದು" ಅಂತ ಒಬ್ಬ ಮ್ಯಾನೇಜರ್ ಅಂದರೆ ತಂಡಕ್ಕೆ ಕೇಳಿಸುವುದು ಒಂದೇ: ನಮ್ಮ ಪರವಾಗಿ ಮಾತಾಡುವವರು ಇಲ್ಲಿ ಯಾರೂ ಇಲ್ಲ.

ಆಮೇಲೆ ಒಂದೇ ಪುಟದ ಟಿಪ್ಪಣಿ ಕೊಟ್ಟು ಓದಿಸಿ. ಸ್ಲೈಡ್ ಬೇಡ. ಪುಟದಲ್ಲಿ ಏನು ನಿಂತಿದೆ, ಏನು ನಿಂತಿಲ್ಲ, ಯಾವತ್ತಿನವರೆಗೆ, ಮುಂದೆ ಯಾವಾಗ ಮಾತಾಡುತ್ತೇವೆ ಅಂತಿರಲಿ. ಕೆಳಗೆ ಯಾರ ಫೋನ್ ನಂಬರ್‌ಗೆ ಮಾಡಬೇಕು ಅಂತ ಇರಲಿ. ಉಳಿದ ಹೊತ್ತಿನಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ಒಬ್ಬರು ಸ್ಟಾಫ್ ಆಗಿ ಕೇಳಲಿ, ಇನ್ನೊಬ್ಬರು ಉತ್ತರ ಕೊಡಲಿ. ಹಿರಿಯ ಮ್ಯಾನೇಜರ್‌ಗಳಿಗೆ ಸಂಕೋಚವಾಗುತ್ತದೆ, ಆದರೂ ಮಾಡಿಸಿ. ಓದುವಾಗ ಸುಲಭ ಅನ್ನಿಸಿದ ಮಾತು ಎದುರಿಗೆ ಒಬ್ಬರು ನಿಂತಾಗ ಬಾಯಿಗೆ ಬರುವುದಿಲ್ಲ.

ಅಭ್ಯಾಸ ಬೇಕಾದದ್ದು ಒಂದೇ ಪ್ರಶ್ನೆಗೆ. "ಸರ್, ನನ್ನ ಕೆಲಸಕ್ಕೆ ಏನೂ ತೊಂದರೆ ಇಲ್ವಾ?" ಇದಕ್ಕೆ ಮ್ಯಾನೇಜರ್‌ಗಳು ಎರಡು ರೀತಿ ತಪ್ಪುತ್ತಾರೆ. ಕೆಲವರು ಕೈಚೆಲ್ಲುತ್ತಾರೆ: "ನಂದೇ ಗೊತ್ತಿಲ್ಲಪ್ಪಾ, ನಿಂದೇನು ಹೇಳಲಿ." ಕೆಲವರು ಪ್ರೀತಿಯಿಂದ ಜಾಸ್ತಿ ಹೇಳಿಬಿಡುತ್ತಾರೆ. ಎರಡನೆಯದರಿಂದ ಆಗುವ ಹಾನಿ ತಕ್ಷಣ ಕಾಣುವುದಿಲ್ಲ, ಅದಕ್ಕೇ ಹೆಚ್ಚು ಅಪಾಯ. ಪಿಂಪ್ರಿಯ ಒಂದು ಕಂಪನಿಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಒಂಬತ್ತು ಜನರ ಪರ್ಚೇಸ್ ತಂಡ. ಮ್ಯಾನೇಜರ್ ಒಳ್ಳೆಯ ಮನುಷ್ಯ. ಫ್ರೀಜ್ ಸುದ್ದಿ ಬಂದ ದಿನ ತಂಡದ ಇಬ್ಬರು ಹಳಬರನ್ನು ಚಹಾಕ್ಕೆ ಕರೆದುಕೊಂಡು ಹೋಗಿ, "ನೀವಿಬ್ಬರು ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮದು ಸೇಫ್" ಅಂದರು. ಆ ಮಾತು ಸಂಜೆಯೊಳಗೆ ಉಳಿದ ಏಳು ಜನರಿಗೆ ತಲುಪಿತು. ಅವರು ಕೇಳಿಸಿಕೊಂಡದ್ದು "ನಿಮ್ಮದು ಸೇಫ್ ಅಲ್ಲ" ಅಂತ. ಕಂಪನಿ ಒಬ್ಬರನ್ನೂ ತೆಗೆಯಲಿಲ್ಲ. ಆದರೆ ಆ ಏಳರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದವರೇ ಮೊದಲು ಬೇರೆ ಕಡೆ ಹೋದರು. ಫ್ರೀಜ್ ಇದ್ದದ್ದರಿಂದ ಅವರ ಜಾಗವನ್ನೂ ತುಂಬಲಾಗಲಿಲ್ಲ.

ಹಾಗಾಗಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಬೇಡ. ಎಲ್ಲ ಮ್ಯಾನೇಜರ್‌ಗಳೂ ಎಲ್ಲರಿಗೂ ಹೇಳುವ ಮಾತು ಒಂದೇ ಇರಲಿ. ನಾನು ಬರೆದುಕೊಡುವುದು ಹೀಗೆ: "ಈಗ ಆಗಿರುವ ನಿರ್ಧಾರ ಹೊಸ ನೇಮಕಾತಿಯ ಬಗ್ಗೆ ಮಾತ್ರ. ಈಗಿರುವವರ ಕೆಲಸದ ಬಗ್ಗೆ ಯಾವ ನಿರ್ಧಾರವೂ ಆಗಿಲ್ಲ, ಅಂಥ ಪಟ್ಟಿಯೂ ನಡೆಯುತ್ತಿಲ್ಲ. ಮುಂದೆ ಪರಿಸ್ಥಿತಿ ಬದಲಾದರೆ ಹೊರಗಿನವರಿಂದಲ್ಲ, ನಮ್ಮಿಂದಲೇ ಮೊದಲು ಕೇಳುತ್ತೀರಿ." "ಯಾರ ಕೆಲಸವೂ ಹೋಗುವುದಿಲ್ಲ" ಅಂತ ಬರೆಯಬೇಡಿ. ಎಕ್ಸ್‌ಪೋರ್ಟ್ ಆರ್ಡರ್ ನಿಮ್ಮ ಕೈಯಲ್ಲಿಲ್ಲ, ಎಂಡಿ ಕೈಯಲ್ಲೂ ಇಲ್ಲ. ಕೊಟ್ಟ ಮಾತು ಜನವರಿಯಲ್ಲಿ ಮುರಿದರೆ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಹಾಗಂತ "ಸದ್ಯಕ್ಕೆ", "ಈ ಹಂತದಲ್ಲಿ", "ನಮಗೆ ತಿಳಿದ ಮಟ್ಟಿಗೆ" ಅಂತ ಮೂರು ಮೂರು ಸಲ ಸೇರಿಸಬೇಡಿ. ವಕೀಲರು ಬರೆದಂತೆ ಕಾಣುತ್ತದೆ. ವಕೀಲರನ್ನು ಕರೆಸಿದ್ದಾರೆ ಅಂದರೆ ಏನೋ ಇದೆ ಅಂತ ಜನ ತಿಳಿಯುತ್ತಾರೆ.

ಗೊತ್ತಿಲ್ಲದ ಪ್ರಶ್ನೆಗೆ ಮ್ಯಾನೇಜರ್ ಏನು ಹೇಳಬೇಕು ಅಂತಲೂ ಹೇಳಿಕೊಡಿ. "ಇದು ನನಗೆ ಗೊತ್ತಿಲ್ಲ, ನಾಳೆ ಸಂಜೆಯೊಳಗೆ ಕೇಳಿ ಹೇಳುತ್ತೇನೆ." ಹೇಳಿದ ಮೇಲೆ ಉತ್ತರ ಸಿಗಲಿ ಬಿಡಲಿ, ನಾಳೆ ಸಂಜೆ ಹೋಗಿ ಮಾತಾಡಬೇಕು. ಅದನ್ನು ತಪ್ಪಿಸಿದ ಮ್ಯಾನೇಜರ್‌ಗಳ ತಂಡದಲ್ಲೇ ಗುಸುಗುಸು ಶುರುವಾಗುತ್ತದೆ.

ಸ್ಟಾಫಿಗೆ ಹೋಗುವ ಮೇಲ್ ಎಂಡಿ ಹೆಸರಿನಲ್ಲೇ ಇರಲಿ. ಎಚ್‌ಆರ್ ಹೆಸರಿನಲ್ಲಿ ಬಂದರೆ ಅದು ಪಾಲಿಸಿ ಥರ ಕಾಣುತ್ತದೆ, ನಿರ್ಧಾರ ಮಾಡಿದವರು ಮರೆಯಲ್ಲಿದ್ದಾರೆ ಅನ್ನಿಸುತ್ತದೆ. ಉದ್ದ ಬೇಡ. ಹೀಗಿದ್ದರೆ ಸಾಕು:

"ಎಕ್ಸ್‌ಪೋರ್ಟ್ ಆರ್ಡರ್‌ಗಳು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಬಂದಿವೆ. ಖರ್ಚು ಹಿಡಿತದಲ್ಲಿರಲಿ ಎಂದು ಮಾರ್ಚ್ 31ರವರೆಗೆ ಹೊಸ ಜಾಗಗಳಿಗೆ ನೇಮಕಾತಿ ನಿಲ್ಲಿಸುತ್ತಿದ್ದೇವೆ. ಬಿಟ್ಟುಹೋದವರ ಜಾಗಗಳಲ್ಲಿ ತೀರಾ ಅಗತ್ಯವಾದವನ್ನು ಮಾತ್ರ ನನ್ನ ಅನುಮತಿಯಿಂದ ತುಂಬುತ್ತೇವೆ. ಆಫರ್ ಕೊಟ್ಟಿರುವ ಇಬ್ಬರು ನಿಗದಿಯಾದ ದಿನವೇ ಸೇರುತ್ತಾರೆ. ದೀಪಾವಳಿ ಬೋನಸ್, ಸಂಬಳದ ತಾರೀಕು, ಒಪ್ಪಿಕೊಂಡ ಪ್ರಮೋಷನ್‌ಗಳು ಯಾವುದೂ ಬದಲಾಗಿಲ್ಲ. ಇದು ಹೊಸ ನೇಮಕಾತಿಯ ಬಗ್ಗೆ ಮಾತ್ರ ಆದ ನಿರ್ಧಾರ. ಈಗಿರುವವರ ಕೆಲಸದ ಬಗ್ಗೆ ಯಾವ ನಿರ್ಧಾರವೂ ಆಗಿಲ್ಲ. ಪ್ರತಿ ತಿಂಗಳ ಮೊದಲ ಮಂಗಳವಾರ ಆರ್ಡರ್ ಪರಿಸ್ಥಿತಿ ಹೇಗಿದೆ ಅಂತ ನಾನೇ ತಿಳಿಸುತ್ತೇನೆ. ಇವತ್ತು ಮಧ್ಯಾಹ್ನ ನಿಮ್ಮ ಮ್ಯಾನೇಜರ್ ನಿಮ್ಮ ಜೊತೆ ಮಾತಾಡುತ್ತಾರೆ."

ಬೋನಸ್ ಮಾತು ಇದರಲ್ಲಿ ಇರಲೇಬೇಕು. ಬೋನಸ್ ಕಾನೂನಿನಡಿ ಬರುವವರಿಗೆ ಕನಿಷ್ಠ 8.33 ಶೇಕಡಾ ಹೇಗೂ ಕೊಡಲೇಬೇಕು. ಅದು ಎಚ್‌ಆರ್‌ನವರಿಗೆ ಗೊತ್ತು, ಫ್ಲೋರ್‌ನಲ್ಲಿ ಎಲ್ಲರಿಗೂ ಗೊತ್ತಿರುವುದಿಲ್ಲ. ದೀಪಾವಳಿ ಮುಂದಿರುವಾಗ "ಖರ್ಚು ಹಿಡಿತ" ಅಂತ ಓದಿದವರ ಕಣ್ಣು ಮೊದಲು ಬೋನಸ್ ಹುಡುಕುತ್ತದೆ. ಕೆಲವು ಕಂಪನಿಗಳಲ್ಲಿ ಕಾನೂನಿಗಿಂತ ಜಾಸ್ತಿ ಕೊಡುವ ರೂಢಿ ಇರುತ್ತದೆ. ನಿಮ್ಮಲ್ಲೂ ಇದ್ದು, ಈ ಸಲ ಕಡಿಮೆ ಮಾಡುವ ಯೋಚನೆ ಇದ್ದರೆ, ಅದನ್ನು ಇದೇ ಮೇಲ್‌ನಲ್ಲಿ ಹೇಳಿಬಿಡಿ. ಇವತ್ತು ಫ್ರೀಜ್, ಹತ್ತು ದಿನಕ್ಕೆ ಬೋನಸ್ ಕಡಿತ ಅಂತ ಎರಡು ಸಲ ಹೇಳಿದರೆ ಮೂರನೆಯದು ಯಾವಾಗ ಅಂತ ಕಾಯುತ್ತಾರೆ.

ಚಾಕಣ್ ಫ್ಲೋರ್‌ಗೆ ಮೇಲ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಶಿಫ್ಟ್ ಶುರುವಿನ ಐದು ನಿಮಿಷದ ಮೀಟಿಂಗ್‌ನಲ್ಲಿ ಸೂಪರ್‌ವೈಸರ್ ಬಾಯಲ್ಲೇ ಹೇಳಬೇಕು, ಮರಾಠಿಯಲ್ಲಿ ಮತ್ತು ಹಿಂದಿಯಲ್ಲಿ. ಕಲಬುರಗಿ, ವಿಜಯಪುರ ಕಡೆಯ ಹುಡುಗರು ಗುಂಪಾಗಿ ಇರುವ ಲೈನ್‌ಗಳಲ್ಲಿ ನೀವೇ ಹೋಗಿ ಕನ್ನಡದಲ್ಲಿ ಎರಡು ಮಾತು ಹೇಳಿ. ಅವರಿಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಬೇರೆ. ನೈಟ್ ಶಿಫ್ಟ್‌ನವರ ಕಥೆ ಬೇರೆ. ಅವರು ಮಂಗಳವಾರ ಬೆಳಿಗ್ಗೆ ಮನೆಗೆ ಹೋಗಿ ಮಲಗಿರುತ್ತಾರೆ, ಏಳುವ ಹೊತ್ತಿಗೆ ಫೋನ್ ತುಂಬಾ ಸುದ್ದಿ. ಅದಕ್ಕೆ ಅವರ ಸೂಪರ್‌ವೈಸರ್‌ನಿಂದ ಹನ್ನೊಂದೂವರೆಗೇ ಚಿಕ್ಕದೊಂದು ಮೆಸೇಜ್ ಹೋಗಲಿ, ರಾತ್ರಿ ಶಿಫ್ಟ್ ಶುರುವಿನಲ್ಲಿ ಮತ್ತೆ ಮಾತಾಡಲಿ. ಯೂನಿಯನ್ ಇದ್ದರೆ ಅದರ ಪದಾಧಿಕಾರಿಗಳಿಗೆ ಮ್ಯಾನೇಜರ್‌ಗಳ ಜೊತೆಜೊತೆಗೇ ಹೇಳಿ. ಬೋರ್ಡ್ ನೋಡಿ ಅವರಿಗೆ ಗೊತ್ತಾಗುವಂತೆ ಮಾಡಬೇಡಿ.

ಫ್ಲೋರ್‌ನಲ್ಲಿ ಅನುಮಾನ ಹುಟ್ಟಿಸುವ ಇನ್ನೊಂದು ವಿಷಯ ಅಪ್ರೆಂಟಿಸ್‌ಗಳು. ನೀವು ಇವರನ್ನು ನಿಲ್ಲಿಸಲು ಆಗುವುದಿಲ್ಲ. ಅಪ್ರೆಂಟಿಸ್ ಕಾನೂನಿನ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ, ಕಾಂಟ್ರಾಕ್ಟ್‌ನವರನ್ನೂ ಸೇರಿಸಿ ಒಟ್ಟು ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳು ಇರಬೇಕು. ನಿಮ್ಮ 460 ಜನರ ಲೆಕ್ಕಕ್ಕೆ ಕನಿಷ್ಠ 12. ಅಂದರೆ ಫ್ರೀಜ್ ಅಂತ ಹೇಳಿದ ತಿಂಗಳಲ್ಲೇ ಐಟಿಐ ಮುಗಿಸಿದ ಹೊಸ ಹುಡುಗರು ಗೇಟ್ ಒಳಗೆ ಬರಬಹುದು. ವಿವರ ಹೇಳದಿದ್ದರೆ ಹಳಬರಿಗೆ ಕಾಣುವುದು ಏನು? "ಹೊಸಬರು ಬೇಡ ಅಂದವರು ಕಡಿಮೆ ದುಡ್ಡಿಗೆ ಹುಡುಗರನ್ನು ತರುತ್ತಿದ್ದಾರೆ, ನಮ್ಮ ಜಾಗಕ್ಕೇ ಇರಬೇಕು." ಸೂಪರ್‌ವೈಸರ್ ಟಿಪ್ಪಣಿಯಲ್ಲಿ ಇದನ್ನು ಬರೆಯಿರಿ: ಅಪ್ರೆಂಟಿಸ್ ಕಾನೂನಿನ ಕೋಟಾ, ಫ್ರೀಜ್‌ಗೂ ಅದಕ್ಕೂ ಸಂಬಂಧವಿಲ್ಲ, ಸಂಖ್ಯೆ ಕಳೆದ ವರ್ಷದಷ್ಟೇ. ಕೊನೆಯ ಮಾತು ನಿಜವಾಗಿರಬೇಕು. ಫ್ರೀಜ್ ಇರುವಾಗ 12ರಿಂದ 50ಕ್ಕೆ ಏರಿಸಿದರೆ ಹಳಬರ ಅನುಮಾನವೇ ಸರಿ ಅಂತಾಗುತ್ತದೆ. ಕಾಂಟ್ರಾಕ್ಟ್‌ನವರ ಬಗ್ಗೆಯೂ ಸುಮ್ನೆ ಇರಬೇಡಿ. ಆರ್ಡರ್ ಇಳಿದರೆ ಮೊದಲು ಕಡಿಮೆಯಾಗುವ ಸಂಖ್ಯೆ ಅವರದೇ ಅಂತ ಅವರಿಗೂ ಗೊತ್ತಿದೆ. ಅವರ ಸಂಖ್ಯೆ ಹೆಚ್ಚುಕಡಿಮೆ ಆಗಬಹುದಾದರೆ ಕಾಂಟ್ರಾಕ್ಟರ್‌ನನ್ನು ಕರೆದು ಎಷ್ಟು ದಿನ ಮುಂಚೆ ತಿಳಿಸುತ್ತೀರಿ ಅಂತ ಗೊತ್ತುಮಾಡಿ. "ಈಗಿರುವವರ ಕೆಲಸದ ಬಗ್ಗೆ ಯಾವ ನಿರ್ಧಾರವೂ ಆಗಿಲ್ಲ" ಅಂತ ಫ್ಲೋರ್‌ನಲ್ಲಿ ಹೇಳಿ, ಅವರನ್ನು ಲೆಕ್ಕಕ್ಕೇ ಹಿಡಿಯದಿರುವುದು ಸರಿಯಲ್ಲ.

ಚಿಕ್ಕ ಚಿಕ್ಕ ಗುರುತುಗಳನ್ನೂ ಅದೇ ದಿನ ಸರಿಮಾಡಿ. ಪೋರ್ಟಲ್‌ನಲ್ಲಿ ಜಾಹೀರಾತು ಇಳಿಸಿ, ಕ್ಯಾಂಟೀನ್ ಗೋಡೆಯ "ಗೆಳೆಯರನ್ನು ಕರೆತನ್ನಿ, ರೆಫರಲ್ ಬೋನಸ್ ಪಡೆಯಿರಿ" ಪೋಸ್ಟರ್ ತೆಗೆಯಿರಿ. ತೆಗೆಯದೆ ಬಿಟ್ಟರೆ ಕಂಪನಿಗೆ ತನ್ನ ಮಾತೇ ನೆನಪಿಲ್ಲ ಅನ್ನಿಸುತ್ತದೆ. ರೆಫರಲ್ ಬೋನಸ್ ಬಾಕಿ ಇದ್ದವರಿಗೆ ಕೊಟ್ಟು ಮುಗಿಸಿ. ಎಚ್‌ಆರ್ ಮತ್ತು ಫೈನಾನ್ಸ್ ಸೇರಿ ಮಾಡುವ ಬಾಗಿಲು ಮುಚ್ಚಿದ ಮೀಟಿಂಗ್‌ಗಳನ್ನು ಆ ವಾರ ಆದಷ್ಟು ಮುಂದೂಡಿ. ಬಜೆಟ್ ಮೀಟಿಂಗ್ ಆದರೂ ಹೊರಗೆ ಕೂತವರಿಗೆ ಅದು ಪಟ್ಟಿ ಮಾಡುವ ಮೀಟಿಂಗೇ.

ಇಷ್ಟು ಮಾಡಿದರೆ ಮೊದಲ ವಾರ ಶಾಂತವಾಗಿ ಕಳೆಯುತ್ತದೆ. ಆದರೆ ನಿಜವಾದ ಪರೀಕ್ಷೆ ಮೊದಲ ವಾರದಲ್ಲಿ ಬರುವುದಿಲ್ಲ. ಅದು ಬರುವುದು ಫ್ರೀಜ್ ಆದ ಮೇಲಿನ ಮೊದಲ ರಾಜೀನಾಮೆಯ ದಿನ. ಪ್ಲಾನಿಂಗ್‌ನಲ್ಲಿ ಒಬ್ಬರು ಪೇಪರ್ ಹಾಕುತ್ತಾರೆ ಅಂತಿಟ್ಟುಕೊಳ್ಳಿ. ತಂಡದಲ್ಲಿ ಐದು ಜನ ಇದ್ದರು, ಈಗ ನಾಲ್ಕು. ಜಾಗ ತುಂಬುವುದಿಲ್ಲ. ಮ್ಯಾನೇಜರ್ ಏನೂ ಮಾತಾಡದೆ ಐದನೆಯವರ ಕೆಲಸವನ್ನು ನಾಲ್ವರಿಗೆ ಹಂಚಿಬಿಡುತ್ತಾರೆ. ಅಲ್ಲಿಂದ ಶುರು. ಜನ ಎರಡು ಲೆಕ್ಕ ಹಾಕುತ್ತಾರೆ. ಒಂದು, ಅವರಿಗೆ ಏನೋ ಗೊತ್ತಿತ್ತು, ಅದಕ್ಕೇ ಹೋದರು. ಎರಡು, ನಾಲ್ಕೇ ಜನರಲ್ಲಿ ಕೆಲಸ ನಡೆದರೆ ನಾಳೆ ಮೂರೇ ಸಾಕು ಅಂತಾರೆ. ಎರಡನೆಯ ಲೆಕ್ಕ ಹೆಚ್ಚು ಕೆಟ್ಟದ್ದು. ಕಷ್ಟಪಟ್ಟು ನಿಭಾಯಿಸಿದಷ್ಟೂ ತಮ್ಮ ಕೆಲಸಕ್ಕೇ ಕುತ್ತು ಅಂತ ಅವರಿಗೆ ಅನ್ನಿಸತೊಡಗುತ್ತದೆ.

ಇದಕ್ಕೆ ಮೊದಲೇ ತಯಾರಿ ಬೇಕು. ರಾಜೀನಾಮೆ ಬಂದು ಎರಡು ದಿನದೊಳಗೆ ಮ್ಯಾನೇಜರ್ ತಂಡವನ್ನು ಕೂರಿಸಿ, ಹೋಗುವವರ ಕೆಲಸಗಳನ್ನು ಬರೆದು, ಪ್ರತಿಯೊಂದರ ಮುಂದೆ ಒಂದು ತೀರ್ಮಾನ ಬರೆಯಬೇಕು. ಇದನ್ನು ಯಾರು ಮಾಡುತ್ತಾರೆ, ಇದನ್ನು ಮಾರ್ಚ್‌ವರೆಗೆ ಬಿಡುತ್ತೇವೆ, ಇದನ್ನು ವಾರಕ್ಕೆ ಬದಲು ತಿಂಗಳಿಗೊಮ್ಮೆ ಮಾಡುತ್ತೇವೆ. ಕನಿಷ್ಠ ಒಂದಾದರೂ ಕೆಲಸ "ಬಿಡುತ್ತೇವೆ" ಅನ್ನುವ ಕಡೆ ಬರಬೇಕು. ಬಂದರೆ ಮಾತ್ರ ಉಳಿದವರಿಗೆ ತಮ್ಮ ಕಷ್ಟ ಮೇಲಿನವರಿಗೆ ಕಾಣುತ್ತಿದೆ ಅಂತ ಗೊತ್ತಾಗುತ್ತದೆ. ಪ್ಲಾನಿಂಗ್ ತಂಡದ ಉದಾಹರಣೆಯಲ್ಲಿ ವಾರದ ವೆಂಡರ್ ರೇಟಿಂಗ್ ರಿಪೋರ್ಟ್ ತಿಂಗಳಿಗೊಮ್ಮೆ ಆಗಬಹುದು, ಯಾರೂ ಓದದ ಎರಡು ಎಕ್ಸೆಲ್ ಶೀಟ್ ನಿಲ್ಲಬಹುದು. ಇದಕ್ಕೆ ಪ್ಲಾಂಟ್ ಹೆಡ್ ಒಪ್ಪಿಗೆ ಬೇಕಾದರೆ ಮಂಗಳವಾರದ ಮ್ಯಾನೇಜರ್ ಮೀಟಿಂಗ್‌ನಲ್ಲೇ ಆ ಒಪ್ಪಿಗೆ ತೆಗೆದುಕೊಂಡಿರಿ.

ಗಾಬರಿ ಶುರುವಾಗಿದೆಯಾ ಅಂತ ತಿಳಿಯಲು ಸರ್ವೆ ಬೇಡ. ನಿಮ್ಮ ಟೇಬಲ್‌ಗೆ ಬರುವುದನ್ನೇ ನೋಡಿ. ಎಕ್ಸ್‌ಪೀರಿಯನ್ಸ್ ಲೆಟರ್ ಹೇಗೆ ಸಿಗುತ್ತದೆ, ನೋಟಿಸ್ ಪೀರಿಯಡ್ ಎಷ್ಟು, ಗ್ರಾಚ್ಯುಟಿಗೆ ಇನ್ನೆಷ್ಟು ತಿಂಗಳು ಬೇಕು ಅಂತ ಕೇಳುವವರು ಜಾಸ್ತಿಯಾದರೆ ಅದೇ ಗುರುತು. ವಾರದ ನಡುವೆ ಅರ್ಧ ದಿನದ ರಜೆ ಹೆಚ್ಚಾದರೆ ಇಂಟರ್‌ವ್ಯೂಗೆ ಹೋಗುತ್ತಿದ್ದಾರೆ ಅಂತಲೇ ಇರಬಹುದು. ಯಾವ ತಂಡದಿಂದ ಬರುತ್ತಿದೆ ಅಂತ ನೋಡಿ. ಇಡೀ ಕಂಪನಿಯಿಂದ ಬಂದರೆ ಎಂಡಿ ಮತ್ತೆ ಮಾತಾಡಬೇಕು. ಒಂದೇ ತಂಡದಿಂದ ಬಂದರೆ ಆ ಮ್ಯಾನೇಜರ್ ಏನೋ ಹೇಳಿದ್ದಾರೆ, ಇಲ್ಲಾ ಹೇಳಬೇಕಾದ್ದನ್ನು ಹೇಳಿಲ್ಲ. ಮತ್ತೊಂದು ಮೇಲ್ ಹಾಕಬೇಡಿ. ಆ ಮ್ಯಾನೇಜರ್ ಜೊತೆ ಹೋಗಿ ತಂಡದ ಎದುರು ಕೂತು ಮಾತಾಡಿ. ಪ್ರಶ್ನೆಯೇ ಬರದ ತಂಡದ ಬಗ್ಗೆ ಸಮಾಧಾನ ಪಡಬೇಡಿ. ಮೀಟಿಂಗ್‌ನಲ್ಲಿ ಒಬ್ಬರೂ ಬಾಯಿ ಬಿಡದಿದ್ದರೆ ಅವರು ಹೊರಗೆ, ಚಹಾ ಟಪರಿಯಲ್ಲಿ ಮಾತಾಡುತ್ತಿದ್ದಾರೆ ಅಂತ ಅರ್ಥ.

ತಿಂಗಳ ಮೊದಲ ಮಂಗಳವಾರದ ಮಾತನ್ನು ಒಂದು ಸಲವೂ ತಪ್ಪಿಸಬೇಡಿ. ಹೇಳಲು ಹೊಸದೇನೂ ಇಲ್ಲದ ತಿಂಗಳು "ಹೊಸದೇನೂ ಇಲ್ಲ, ಆರ್ಡರ್ ಹೋದ ತಿಂಗಳಷ್ಟೇ ಇದೆ, ಫ್ರೀಜ್ ಮುಂದುವರಿದಿದೆ" ಅಂತಲೇ ಎಂಡಿ ನಾಲ್ಕು ಸಾಲು ಬರೆಯಲಿ. ಆ ತಿಂಗಳಲ್ಲಿ ಅನುಮತಿ ಕೊಟ್ಟು ತುಂಬಿದ ಜಾಗಗಳನ್ನೂ ಅದರಲ್ಲೇ ಹೇಳಿ. ಮುಚ್ಚಿಟ್ಟರೆ ಒಬ್ಬ ಹೊಸ ಮುಖ ಕಂಡ ದಿನ "ನಿಯಮ ಕೆಲವರಿಗೆ ಮಾತ್ರ" ಅನ್ನುವ ಮಾತು ಬರುತ್ತದೆ. ಮಾರ್ಚ್ ಬಂದಾಗ 31ರವರೆಗೆ ಕಾಯಬೇಡಿ. ಆ ತಿಂಗಳ ಮೊದಲ ಮಂಗಳವಾರವೇ ಏಪ್ರಿಲ್‌ನಿಂದ ಏನು ಅಂತ ಹೇಳಿ: ತೆರೆಯುತ್ತೀರಾ, ಯಾವ ಜಾಗಗಳನ್ನು ಮೊದಲು, ಇಲ್ಲಾ ಇನ್ನೊಂದು ಕ್ವಾರ್ಟರ್ ಮುಂದುವರಿಸುತ್ತೀರಾ. ಮುಂದುವರಿಸುವುದಾದರೆ ಹೊಸ ತಾರೀಕು ಕೊಡಿ. ಮತ್ತೆ ಮೊದಲು ಮ್ಯಾನೇಜರ್‌ಗಳಿಗೆ, ಎರಡು ಗಂಟೆ ಬಿಟ್ಟು ಎಲ್ಲರಿಗೂ.